ಅರ್ಧ ಸಂಬಳದ ಕೆಲಸಕ್ಕೆ ಸೇರುವ ಮುನ್ನ ಮನೆಯ ಲೆಕ್ಕ ಹೀಗೆ ಬರೆಯಿರಿ

ನನ್ನ ಪತಿ ಹತ್ತು ವರ್ಷ ಔಷಧ ಕಂಪನಿಯೊಂದರ ಮಾರಾಟ ವಿಭಾಗದಲ್ಲಿದ್ದರು. ವಾರದಲ್ಲಿ ಐದು ದಿನ ಹುಬ್ಬಳ್ಳಿ, ಗದಗ, ಹಾವೇರಿಗಳ ನಡುವೆ ಓಡಾಟ. ಅವರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿದವರು. ಪಾಠ ಹೇಳಬೇಕೆಂಬ ಆಸೆ ಅಂದಿನಿಂದಲೂ ಇತ್ತು. ಧಾರವಾಡದ ಖಾಸಗಿ ಪಿಯು ಕಾಲೇಜೊಂದು ಕರೆದಾಗ ಮನೆಗೆ ಬಂದು ಹೇಳಿದರು: "ಈಗ ಕೈಗೆ 68,000 ಬರುತ್ತಿದೆ, ಅಲ್ಲಿ 40,000 ಕೊಡುತ್ತಾರೆ. 28,000 ಕಡಿಮೆ. ಹೇಗೋ ಹೊಂದಿಸಬಹುದಲ್ಲ?"

ನಾನು ಹುಬ್ಬಳ್ಳಿಯ ಪತ್ತಿನ ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವವಳು. "ಹೇಗೋ ಹೊಂದಿಸಬಹುದು" ಎಂದುಕೊಂಡೇ ಕೆಲಸ ಬದಲಿಸಿ, ವರ್ಷದೊಳಗೆ ಬಂಗಾರ ಅಡವಿಡಲು ಬಂದವರನ್ನು ಕೌಂಟರಿನ ಈಚೆಯಿಂದ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರು ದುಂದುಗಾರರಲ್ಲ, ಕೊರತೆ ಎಷ್ಟೆಂಬುದನ್ನೇ ತಪ್ಪಾಗಿ ಎಣಿಸಿದವರು. ಆದ್ದರಿಂದ ಆ ರಾತ್ರಿ ನಾನು "ಬೇಡ" ಎನ್ನಲಿಲ್ಲ, "ಆಗಲಿ" ಎಂದೂ ಹೇಳಲಿಲ್ಲ. ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಖಾಲಿ ಹಾಳೆ ಹುಡುಕಿ ಲೆಕ್ಕ ಶುರು ಮಾಡಿದೆ. ನಾವು ಯಾವ ಕ್ರಮದಲ್ಲಿ ಮಾಡಿದೆವೋ ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ. ಅಂಕಿಗಳು ನಮ್ಮ ಮನೆಯವು. ನಿಮ್ಮ ಅಂಕಿಗಳನ್ನು ಆ ಜಾಗದಲ್ಲಿ ಇಟ್ಟುಕೊಳ್ಳಿ.

ಮೊದಲು: ಕಡಿತ ನಿಜವಾಗಿ ಎಷ್ಟು?

ಹಳೆಯ ಕೆಲಸದಿಂದ ತಿಂಗಳಿಗೆ 68,000 ಬರುತ್ತಿತ್ತು ಎನ್ನುವುದು ಪೂರ್ತಿ ನಿಜವಲ್ಲ. ಮೂರು ತಿಂಗಳಿಗೊಮ್ಮೆ ಸುಮಾರು 30,000 ಇನ್ಸೆಂಟಿವ್ ಸೇರುತ್ತಿತ್ತು. ಅದನ್ನು ನಾವು ಸಂಬಳ ಎಂದು ಭಾವಿಸಿಯೇ ಇರಲಿಲ್ಲ, ಆದರೆ ಮಕ್ಕಳ ಶಾಲೆಯ ಫೀ ಅದರಿಂದಲೇ ಹೋಗುತ್ತಿತ್ತು. ಅದನ್ನು ಸೇರಿಸಿದರೆ ತಿಂಗಳ ಸರಾಸರಿ 78,000.

ಇನ್ನು ಹೊಸ ಸಂಬಳ. 40,000 ಎಂಬುದು ಕಾಗದದ ಮೇಲಿನ ಅಂಕಿ. ಪಿಎಫ್‌ಗೆ 1,800, ವೃತ್ತಿ ತೆರಿಗೆಗೆ 200 ಕಳೆದರೆ ಕೈಗೆ ಬರುವುದು 38,000. ಆಮೇಲೆ ನಾನು ಅವರಿಂದ ಕಾಲೇಜಿಗೆ ಒಂದು ಪ್ರಶ್ನೆ ಕೇಳಿಸಿದೆ: ಸಂಬಳ ವರ್ಷಕ್ಕೆ ಎಷ್ಟು ತಿಂಗಳು? ಖಾಸಗಿ ಶಾಲೆ, ಕಾಲೇಜುಗಳ ಕೆಲಸಕ್ಕೆ ಹೋಗುವವರು ಈ ಪ್ರಶ್ನೆಯನ್ನು ಮರೆಯಬಾರದು. ಕಾಯಂ ಆಗದವರಿಗೆ ಬೇಸಿಗೆ ರಜೆಯ ಸಂಬಳ ಕೊಡದ ಸಂಸ್ಥೆಗಳಿವೆ. ಇಲ್ಲಿಯೂ ಉತ್ತರ ಹಾಗೆಯೇ ಬಂತು: ಮೊದಲ ವರ್ಷ ಜೂನ್‌ನಿಂದ ಮಾರ್ಚ್‌ವರೆಗೆ ಹತ್ತು ತಿಂಗಳು, ಎರಡನೆಯ ವರ್ಷದಿಂದ ಹನ್ನೆರಡು. ಅಂದರೆ ಮೊದಲ ವರ್ಷದ ಒಟ್ಟು ಸಂಬಳ 3,80,000. ಹನ್ನೆರಡು ತಿಂಗಳಿಗೆ ಹಂಚಿದರೆ 31,667.

78,000 ಇದ್ದದ್ದು 31,667 ಆಗುತ್ತದೆ. ಕಡಿತ 28,000 ಅಲ್ಲ, 46,000ಕ್ಕೂ ಹೆಚ್ಚು. ಆ ಅಂಕಿಯ ಕೆಳಗೆ ನಾನು ಗೆರೆ ಎಳೆದಾಗ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ತೆರಿಗೆ ಉಳಿಯುತ್ತದಲ್ಲ ಎಂದು ಸಮಾಧಾನ ಪಟ್ಟುಕೊಳ್ಳುವವರಿದ್ದಾರೆ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರಿಂದ ಸಂಬಳದಾರರಿಗೆ ವರ್ಷಕ್ಕೆ 12.75 ಲಕ್ಷದವರೆಗೆ ತೆರಿಗೆಯೇ ಬರುವುದಿಲ್ಲ. ಆದ್ದರಿಂದ ಹಳೆಯ ಸಂಬಳ ಆ ಮಿತಿಯೊಳಗೇ ಇದ್ದರೆ, ಕಡಿತದ ಒಂದು ಪಾಲನ್ನು ತೆರಿಗೆ ಹೊರುತ್ತದೆ ಎಂಬ ಮಾತಿಲ್ಲ. ಅಷ್ಟೂ ಮನೆಯ ಹಣದಿಂದಲೇ ಹೋಗುತ್ತದೆ.

ಪಿಎಫ್‌ನಲ್ಲಿಯೂ ಕಣ್ಣಿಗೆ ಕಾಣದ ಕಡಿತವಿದೆ. ಹಳೆಯ ಕಂಪನಿ 30,000 ಮೂಲವೇತನದ ಮೇಲೆ ಶೇ 12, ಅಂದರೆ 3,600 ಹಾಕುತ್ತಿತ್ತು, ಅಷ್ಟೇ ಅವರ ಪಾಲೂ ಹೋಗುತ್ತಿತ್ತು. ಹೊಸ ಸಂಸ್ಥೆ 15,000 ಮಿತಿಯ ಮೇಲೆ ಲೆಕ್ಕ ಹಾಕಿ 1,800 ಕೊಡುತ್ತದೆ. ಇದು ಇಂದಿನ ಅಡುಗೆಮನೆಯನ್ನು ತಟ್ಟುವುದಿಲ್ಲ, ಮುಪ್ಪಿನ ಕಾಲವನ್ನು ತಟ್ಟುತ್ತದೆ. ಹಾಳೆಯ ಅಂಚಿನಲ್ಲಿ ಬರೆದಿಟ್ಟೆವು. ಸಂಬಳ ಏರಿದಾಗ ಮೊದಲು ತುಂಬಬೇಕಾದ ಜಾಗ ಅದು.

ತಿಂಗಳ ಲೆಕ್ಕ ಸಾಲದು, ಜೂನ್‌ನಿಂದ ಮೇವರೆಗಿನ ಹಾಳೆ ಬೇಕು

ಮನೆಯ ಖರ್ಚು ಎಷ್ಟು ಎಂದು ಕೇಳಿದರೆ ಎಲ್ಲರೂ ತಿಂಗಳ ಅಂಕಿ ಹೇಳುತ್ತಾರೆ. ನಾನೂ 49,000 ಎಂದೇ ಹೇಳುತ್ತಿದ್ದೆ: ಗೃಹಸಾಲದ ಕಂತು 17,360, ಕಿರಾಣಿ, ಹಾಲು, ತರಕಾರಿ, ಹೆಸ್ಕಾಂ ಬಿಲ್ಲು, ಅತ್ತೆಯ ಔಷಧ, ಪೆಟ್ರೋಲು, ಚಿಲ್ಲರೆ. ಆದರೆ ಮನೆಯನ್ನು ಮುಗ್ಗರಿಸುವುದು ತಿಂಗಳ ಖರ್ಚಲ್ಲ, ವರ್ಷಕ್ಕೊಮ್ಮೆ ಬರುವ ಖರ್ಚು.

ಅದಕ್ಕಾಗಿ ಹನ್ನೆರಡು ತಿಂಗಳ ಹೆಸರು ಬರೆದು, ಒಂದು ವರ್ಷದ ಬ್ಯಾಂಕ್ ಪಾಸ್‌ಬುಕ್ಕನ್ನೂ ಮೊಬೈಲ್ ಪಾವತಿಗಳ ಪಟ್ಟಿಯನ್ನೂ ಎದುರಿಗಿಟ್ಟುಕೊಂಡು ತುಂಬಿದೆ. ಏಪ್ರಿಲ್‌ನಲ್ಲಿ ಪಾಲಿಕೆಯ ಆಸ್ತಿ ತೆರಿಗೆ, ಆ ತಿಂಗಳೊಳಗೆ ಕಟ್ಟಿದರೆ ಶೇ 5 ರಿಯಾಯಿತಿ ಇರುವುದರಿಂದ ಮುಂದೂಡುವಂತಿಲ್ಲ. ಜೂನ್‌ನಲ್ಲಿ ಶಾಲೆ. ಆಗಸ್ಟ್‌, ಸೆಪ್ಟೆಂಬರಿನಲ್ಲಿ ಪಂಚಮಿಗೆ ತವರಿಗೆ ಬರುವ ನಾದಿನಿ, ಆಮೇಲೆ ಗಣಪತಿ. ಅಕ್ಟೋಬರಿನಲ್ಲಿ ದಸರೆ, ದೀಪಾವಳಿಯ ಬಟ್ಟೆ. ಫೆಬ್ರುವರಿಯಿಂದ ಮದುವೆಗಳು, ಆಹೇರು, ಊರಿನ ಜಾತ್ರೆ. ಜೀವವಿಮೆಯ ಕಂತು, ಸ್ಕೂಟರಿನ ವಿಮೆ. ಕೂಡಿಸಿದಾಗ 1,86,000 ಆಯಿತು. ತಿಂಗಳಿಗೆ ಹಂಚಿದರೆ 15,500! ನಾನು ದಿನವಿಡೀ ಲೆಕ್ಕ ಬರೆಯುವವಳು, ನನಗೇ ಈ ಅಂಕಿ ಗೊತ್ತಿರಲಿಲ್ಲ.

ನನ್ನ ಸಂಬಳ 18,000. ಹೀಗಾಗಿ ಹೊಸ ಕೆಲಸದ ಮೊದಲ ವರ್ಷ ಮನೆಗೆ ಬರುವುದು 5,96,000. ಈಗಿನ ರೀತಿಯಲ್ಲಿ ಬದುಕಿದರೆ ಹೋಗುವುದು 7,74,000. ಈ ಎರಡು ಸಾಲುಗಳು ಸಿಕ್ಕಮೇಲೆ ಮುಂದಿನದೆಲ್ಲ ಆ ಅಂತರವನ್ನು ತುಂಬುವ ಕೆಲಸ.

ಇಲ್ಲಿ ಒಂದು ಎಚ್ಚರಿಕೆ. "ಸಂಜೆ ಟ್ಯೂಷನ್ ಹೇಳುತ್ತೇನೆ, ಹತ್ತು ಸಾವಿರ ಬರುತ್ತದೆ" ಎಂದು ಪತಿ ಆದಾಯದ ಸಾಲಿಗೆ ಸೇರಿಸಲು ಹೊರಟರು. ನಾನು ಒಪ್ಪಲಿಲ್ಲ. ಇನ್ನೂ ಹುಟ್ಟದ ಆದಾಯವನ್ನು ಹಾಳೆಯಲ್ಲಿ ಬರೆದರೆ ಅದಕ್ಕೊಂದು ಖರ್ಚು ತಕ್ಷಣ ಅಂಟಿಕೊಳ್ಳುತ್ತದೆ. ಬಂದ ಮೇಲೆ ಬರೆಯೋಣ ಎಂದೆ.

ನಮ್ಮ ಕಡೆಯವರು ಇನ್ನೆರಡು ವಿಷಯಗಳನ್ನು ಹಾಳೆಗೆ ತರಬೇಕು. ಭಿಶಿಯಲ್ಲಿ ಮೊದಲೇ ಹಣ ಎತ್ತಿದ್ದರೆ ಉಳಿದ ತಿಂಗಳುಗಳ ಕಂತು ಸಾಲವಿದ್ದ ಹಾಗೆಯೇ. ಹಾಗೆಯೇ ಯಾರ ಸಾಲಕ್ಕಾದರೂ ಜಾಮೀನು ಹಾಕಿದ್ದರೆ, ಆ ಸಾಲಗಾರ ಕಂತು ಸರಿಯಾಗಿ ಕಟ್ಟುತ್ತಿದ್ದಾನೆಯೇ ಎಂದು ಸಂಘಕ್ಕೆ ಹೋಗಿ ವಿಚಾರಿಸಿ. ಅವನು ತಪ್ಪಿದರೆ ವಸೂಲಿ ಜಾಮೀನುದಾರನ ಸಂಬಳದವರೆಗೂ ಬರುತ್ತದೆ. 68,000ದಲ್ಲಿ ತಡೆದುಕೊಳ್ಳಬಹುದಾದ ಪೆಟ್ಟು 38,000ದಲ್ಲಿ ಬಲವಾಗಿ ಬೀಳುತ್ತದೆ.

ಕೆಲಸ ಬಿಡದೆ ಆರು ತಿಂಗಳು ಹೊಸ ಸಂಬಳದಲ್ಲಿ ಬದುಕಿ

5,96,000ವನ್ನು ಹನ್ನೆರಡಕ್ಕೆ ಭಾಗಿಸಿದರೆ 49,600 ಚಿಲ್ಲರೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಪ್ರತಿ ತಿಂಗಳು ಒಂದನೆಯ ತಾರೀಖು ಅಷ್ಟನ್ನೇ ಮನೆಯ ಖಾತೆಯಲ್ಲಿ ಬಿಟ್ಟು, ಉಳಿದ 36,400ನ್ನು ಬೇರೆ ಬ್ಯಾಂಕಿನ ಖಾತೆಗೆ ಕಳಿಸಿದೆವು. ಆ ಖಾತೆಯ ಎಟಿಎಂ ಕಾರ್ಡು ನಮ್ಮಲ್ಲಿರಲಿಲ್ಲ, ಮೊಬೈಲಿಗೂ ಜೋಡಿಸಲಿಲ್ಲ. ಇನ್ಸೆಂಟಿವ್ ಬಂದಾಗ ಅದೂ ಅಲ್ಲಿಗೇ ಹೋಯಿತು.

ಸಹಕಾರಿ ಸಂಘದಲ್ಲಿದ್ದುಕೊಂಡು ಈ ಹಣವನ್ನು ಬ್ಯಾಂಕಿನಲ್ಲೇಕೆ ಇಟ್ಟೆ ಎಂದು ಸಹೋದ್ಯೋಗಿಗಳು ಕೇಳಿದರು. ಬ್ಯಾಂಕಿನ ಠೇವಣಿಗೆ, ನಗರ ಸಹಕಾರಿ ಬ್ಯಾಂಕೂ ಸೇರಿ, 5 ಲಕ್ಷದವರೆಗೆ ಠೇವಣಿ ವಿಮೆಯಿದೆ. ಪತ್ತಿನ ಸಂಘಗಳಿಗೆ ಆ ವಿಮೆ ಅನ್ವಯಿಸುವುದಿಲ್ಲ. ನಿತ್ಯದ ಪಿಗ್ಮಿ ಸಂಘದಲ್ಲಿ ನಡೆಯಲಿ; ಆದರೆ ಸಂಬಳ ನಿಂತ ತಿಂಗಳಲ್ಲಿ ಅನ್ನ ಹಾಕಬೇಕಾದ ಹಣ ವಿಮೆಯಿರುವ ಜಾಗದಲ್ಲಿರಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲ ಎರಡು ತಿಂಗಳು ಸುಲಭವಾಗಿ ಹೋದವು. ಹಾಗಾಗಿಯೇ ಎರಡು ತಿಂಗಳ ಪರೀಕ್ಷೆಯನ್ನು ನಂಬಬಾರದು. ಫೆಬ್ರುವರಿ 26ರಂದು ಸಿಲಿಂಡರ್ ಮುಗಿಯಿತು. ತುಂಬಿಸಿಕೊಂಡ ಮೇಲೆ ಮನೆಯ ಖಾತೆಯಲ್ಲಿ ಉಳಿದದ್ದು 240 ರೂಪಾಯಿ. 28ಕ್ಕೆ ಅಣ್ಣಿಗೇರಿಯಲ್ಲಿ ಹತ್ತಿರದ ಮದುವೆ, ಬರಿಗೈಯಲ್ಲಿ ಹೋಗುವಂತಿಲ್ಲ. ಅತ್ತೆ ತಮ್ಮ ಪೆಟ್ಟಿಗೆಯಿಂದ ಎರಡು ಸಾವಿರ ತೆಗೆದು ಕೊಡಲು ಬಂದರು. "ಇದು ಪರೀಕ್ಷೆ ಅತ್ತೆ, ನೀವು ಕೊಟ್ಟರೆ ನಾವು ಪಾಸಾದೆವೋ ಫೇಲಾದೆವೋ ತಿಳಿಯುವುದಿಲ್ಲ" ಎಂದೆ. ಅವರು, "ಹಾಗಾದರೆ ಸೋತೆವು ಎಂದು ಬರೆದುಕೋ ತಾಯಿ, ಆದರೆ ಆಹೇರು ಮಾತ್ರ ಮಾಡು" ಎಂದರು. ಬೇರೆ ಖಾತೆಯಿಂದ ತೆಗೆದು, ತೆಗೆದದ್ದನ್ನು ಕೆಂಪು ಶಾಯಿಯಲ್ಲಿ ಬರೆದೆ.

ಆರು ತಿಂಗಳಲ್ಲಿ ಹೀಗೆ ಕೆಂಪು ಶಾಯಿಯಲ್ಲಿ ಬರೆದದ್ದು 62,000: ಮದುವೆ, ಸ್ಕೂಟರಿನ ವಿಮೆ, ಏಪ್ರಿಲ್‌ನಲ್ಲಿ ಶಾಲೆಯವರು ಕೇಳಿದ ಮುಂಗಡ ಫೀ. ಅದನ್ನು ಕಳೆದೂ ಖಾತೆಯಲ್ಲಿ 2,16,000 ಉಳಿಯಿತು. ಕಡಿಮೆ ಸಂಬಳವನ್ನು ಮುಂಚಿತವಾಗಿ ಬದುಕಿ ನೋಡುವುದರ ದೊಡ್ಡ ಲಾಭ ಇದು. ಪರೀಕ್ಷೆಯೇ ಮುಂದಿನ ಕೊರತೆಗೆ ಹಣ ಕೂಡಿಸುತ್ತದೆ.

ಎಲ್ಲಿ ಸೋರುತ್ತಿದೆ ಎಂಬುದೂ ಆಗಲೇ ತಿಳಿದದ್ದು. ಕಿರಾಣಿಯಲ್ಲಿ ಕಡಿಮೆ ಮಾಡಲು ಹೆಚ್ಚೇನೂ ಇರಲಿಲ್ಲ. ಚಿಲ್ಲರೆ ಎಂದು 9,000 ಬರೆಯುತ್ತಿದ್ದೆನಲ್ಲ, ಅದು ಮೊಬೈಲಿನಲ್ಲಿ ನಲವತ್ತು, ಎಂಬತ್ತು ರೂಪಾಯಿಗಳಾಗಿ ಹೋಗುತ್ತಿತ್ತು. ರಾತ್ರಿ ಊಟವಾದ ಮೇಲೆ ಇಬ್ಬರೂ ಮೊಬೈಲ್ ತೆರೆದು ಆ ದಿನದ್ದನ್ನು ಪುಸ್ತಕಕ್ಕೆ ಬರೆಯುತ್ತ ಹೋದಂತೆ ಅದು 6,000ಕ್ಕೆ ಇಳಿದು ಅಲ್ಲಿಯೇ ನಿಂತಿತು. ಅದಕ್ಕಿಂತ ಕೆಳಗೆ ಇಳಿಸಲು ಹೋದ ತಿಂಗಳು ಮನೆಯಲ್ಲಿ ಜಗಳವಾಯಿತು, ಬಿಟ್ಟೆವು.

ಹಳೆಯ ಸ್ಯಾಲರಿ ಸ್ಲಿಪ್ ಕೈಯಲ್ಲಿರುವಾಗಲೇ ಆಗಬೇಕಾದವು

ರಾಜೀನಾಮೆಗೆ ಮೊದಲು ನೋಡಬೇಕಾದ ದಿನಾಂಕ ಗ್ರಾಚ್ಯುಟಿಯದು. ಒಂದೇ ಕಡೆ ಐದು ವರ್ಷ ಪೂರ್ಣಗೊಳ್ಳಲು ಕೆಲವೇ ತಿಂಗಳು ಬಾಕಿಯಿದ್ದರೆ ಕಾಯುವುದು ಲೇಸು. ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿ ನಾವು ಮೊತ್ತ ಕಂಡುಕೊಂಡೆವು. ನಮ್ಮದು 30,000 ಮೂಲವೇತನ, ಹತ್ತು ವರ್ಷ, ಹೀಗಾಗಿ ಸುಮಾರು 1,73,000. ಕಾನೂನಿನ ಪ್ರಕಾರ 30 ದಿನಗಳಲ್ಲಿ ಕೊಡಬೇಕು, ಆದರೂ ಜೂನ್ ತಿಂಗಳ ಖರ್ಚಿಗೆ ಅದನ್ನು ನೆಚ್ಚಿಕೊಳ್ಳಬೇಡಿ.

ಪಿಎಫ್ ಹಣವನ್ನು ತೆಗೆಯದೆ ಅದೇ ಯುಎಎನ್ ಮೂಲಕ ಹೊಸ ಸಂಸ್ಥೆಗೆ ವರ್ಗಾಯಿಸಿ. ಐದು ವರ್ಷದೊಳಗೆ ತೆಗೆದರೆ ತೆರಿಗೆ ಬೀಳಬಹುದು. ಪಿಂಚಣಿಯ ಹಕ್ಕಿಗೆ ಹತ್ತು ವರ್ಷದ ಸೇವೆ ಬೇಕು, ವರ್ಗಾವಣೆ ಮಾಡಿದರೆ ಆ ಎಣಿಕೆ ಮುಂದುವರಿಯುತ್ತದೆ.

ಆರೋಗ್ಯ ವಿಮೆಯ ವಿಷಯದಲ್ಲಿ ತಡಮಾಡಿದರೆ ದುಬಾರಿಯಾಗುತ್ತದೆ. ಕಂಪನಿಯ ಗುಂಪು ವಿಮೆ ಕೆಲಸದ ಕೊನೆಯ ದಿನಕ್ಕೆ ಮುಗಿಯುತ್ತದೆ. ಹೊಸದಾಗಿ ಕೊಂಡ ಪಾಲಿಸಿಯಲ್ಲಿ ಅಪಘಾತ ಬಿಟ್ಟು ಉಳಿದ ಕಾಯಿಲೆಗಳಿಗೆ ಮೊದಲ 30 ದಿನ ರಕ್ಷಣೆಯಿರುವುದಿಲ್ಲ, ಮೊದಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥವುಗಳಿಗೆ ಮೂರು ವರ್ಷದವರೆಗೂ ಕಾಯಿಸಬಹುದು. ಆದ್ದರಿಂದ ಎರಡು ತಿಂಗಳು ಮುಂಚೆಯೇ ಕೊಳ್ಳಬೇಕು. ಅದಕ್ಕೂ ಮೊದಲು ಕಂಪನಿಯ ವಿಮಾದಾರರನ್ನೇ ಕೇಳಿ: ಗುಂಪು ವಿಮೆಯಿಂದ ಅವರದೇ ವೈಯಕ್ತಿಕ ಪಾಲಿಸಿಗೆ ಬದಲಾಗಲು ಸಾಧ್ಯವೇ, ಈಗಾಗಲೇ ಕಾದ ಅವಧಿಯನ್ನು ಲೆಕ್ಕಕ್ಕೆ ಹಿಡಿಯುತ್ತಾರೆಯೇ ಎಂದು. ನಮಗೆ ವರ್ಷಕ್ಕೆ 24,000 ಹೊಸ ಖರ್ಚು ಸೇರಿತು. ಇದನ್ನು ಉಳಿಸಲು ಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ.

ಇನ್ನು ಗೃಹಸಾಲ. ನಮ್ಮಲ್ಲಿ ಹೆಚ್ಚು ಚರ್ಚೆಯಾದದ್ದು ಇದರ ಮೇಲೆಯೇ. 14 ಲಕ್ಷ ಬಾಕಿ, ಶೇ 8.5 ಬದಲಾಗುವ ಬಡ್ಡಿ, ಹತ್ತು ವರ್ಷ ಉಳಿದಿತ್ತು. ಆಪತ್ತಿಗೆಂದು 4 ಲಕ್ಷದ ಠೇವಣಿ ಇತ್ತು. ಮೈದುನ ಹೇಳಿದ: "ವೈನಿ, ಸಾಲ ತಲೆಯ ಮೇಲಿರಬಾರದು. ಠೇವಣಿಯಲ್ಲಿ ಮೂರು ಲಕ್ಷ ತೆಗೆದು ಸಾಲಕ್ಕೆ ತುಂಬಿಬಿಡಿ." ಕೇಳಲು ಚೆನ್ನಾಗಿದೆ. 3 ಲಕ್ಷ ತುಂಬಿ, ಅವಧಿ ಹಾಗೆಯೇ ಇಟ್ಟರೆ ಕಂತು 17,360ರಿಂದ 13,640ಕ್ಕೆ ಇಳಿಯುತ್ತದೆ. (ಹೀಗೆ ತುಂಬುವವರು ಕಂತು ಇಳಿಸಿ ಎಂದು ಅರ್ಜಿಯಲ್ಲಿ ಬರೆಯಲೇಬೇಕು. ಇಲ್ಲದಿದ್ದರೆ ಸಾಮಾನ್ಯವಾಗಿ ಕಂತು ಅಷ್ಟೇ ಉಳಿದು ಅವಧಿ ಏಳು ವರ್ಷಕ್ಕೆ ಇಳಿಯುತ್ತದೆ. ತಿಂಗಳ ಖರ್ಚಿಗೆ ಅದರಿಂದ ಒಂದು ಪೈಸೆಯ ನೆರವೂ ಇಲ್ಲ.)

ಏನೂ ತುಂಬದೆ ಅವಧಿಯನ್ನು ಹತ್ತರಿಂದ ಹದಿನೈದು ವರ್ಷಕ್ಕೆ ಏರಿಸಿದರೆ ಕಂತು 13,790 ಆಗುತ್ತದೆ. ತಿಂಗಳಿಗೆ ಸಿಗುವ ಹಗುರ ಹೆಚ್ಚುಕಡಿಮೆ ಅಷ್ಟೇ. ಹದಿನೈದು ವರ್ಷ ಪೂರ್ತಿ ಕಟ್ಟಿದರೆ ಬಡ್ಡಿ ಸುಮಾರು 4 ಲಕ್ಷ ಹೆಚ್ಚು ಬೀಳುತ್ತದೆ, ಅದು ಸಣ್ಣ ಮೊತ್ತವಲ್ಲ. ಆದರೆ 3 ಲಕ್ಷ ನಮ್ಮ ಕೈಯಲ್ಲೇ ಉಳಿಯುತ್ತದೆ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಮುಂಚಿತವಾಗಿ ತೀರಿಸಿದರೆ ದಂಡವಿಲ್ಲ. ಕೈ ಹಗುರಾದ ಮೇಲೆ ಯಾವಾಗ ಬೇಕಾದರೂ ತುಂಬಬಹುದು. ಬ್ಯಾಂಕಿಗೆ ಹೋದ ಹಣ ಮಾತ್ರ ಕೇಳಿದಾಗ ಹಿಂದೆ ಬರುವುದಿಲ್ಲ. ನಾನು ಅವಧಿ ಏರಿಸುವುದನ್ನೇ ಆರಿಸಿದೆ. ಅವಧಿ ಏರಿಸುವುದು ಬ್ಯಾಂಕಿನ ಮರ್ಜಿಗೆ ಬಿಟ್ಟದ್ದು, ವಯಸ್ಸು ಮತ್ತು ಆದಾಯ ನೋಡುತ್ತಾರೆ. ಒಂದೂ ಕಂತು ತಪ್ಪದಿರುವಾಗ ಕೇಳಿದರೆ ಮಾತು ಸುಲಭ. ಒಂದೆರಡು ತಪ್ಪಿದ ಮೇಲೆ ಹೋದರೆ ಅದು ಸಂಕಷ್ಟದ ಸಾಲವೆನಿಸಿ ದಾಖಲೆ ಕೆಡುತ್ತದೆ. ಕೆಲಸ ಬದಲಿಸುತ್ತಿದ್ದೀರಾ ಎಂದು ಮ್ಯಾನೇಜರ್ ಕೇಳಿದರು. ನಾವು ನಿಜವನ್ನೇ ಹೇಳಿ ನನ್ನ ಸಂಬಳದ ವಿವರವನ್ನೂ ಕೊಟ್ಟೆವು. ಜೊತೆಗೆ ಕಂತಿನ ತಾರೀಖನ್ನು 5ರಿಂದ 12ಕ್ಕೆ ಬದಲಿಸಿಕೊಂಡೆವು, ಏಕೆಂದರೆ ಕಾಲೇಜಿನ ಸಂಬಳ ಹತ್ತನೆಯ ತಾರೀಖಿಗೆ ಬರುತ್ತದೆ.

ಕೊರತೆಗೂ ಒಂದು ಸಂಬಳದ ತಾರೀಖು

ಎಲ್ಲವನ್ನೂ ಸೇರಿಸಿ ಹಾಳೆಯನ್ನು ಮತ್ತೆ ಬರೆದೆ. ಕಂತಿನಲ್ಲಿ 43,000, ಚಿಲ್ಲರೆಯಲ್ಲಿ 36,000, ಹಬ್ಬ ಮದುವೆಗಳಲ್ಲಿ 15,000 ಇಳಿಯಿತು. ವಿಮೆಯ 24,000, ಧಾರವಾಡಕ್ಕೆ ದಿನಾ ಹೋಗಿಬರುವ 18,000 ಏರಿತು. ವರ್ಷದ ಖರ್ಚು 7,22,000, ಆದಾಯ 5,96,000, ಕೊರತೆ 1,26,000. ಎರಡನೆಯ ವರ್ಷ ಹನ್ನೆರಡು ತಿಂಗಳ ಸಂಬಳ ಬರುತ್ತದೆ, ಬೆಲೆಗಳೂ ಏರುತ್ತವೆ: ಕೊರತೆ 75,000. ಮೂರನೆಯ ವರ್ಷ ಇಬ್ಬರಿಗೂ ಸಣ್ಣ ಏರಿಕೆ ಹಿಡಿದು 58,000. ಮೂರು ವರ್ಷಕ್ಕೆ ಒಟ್ಟು 2,59,000. ಆರು ತಿಂಗಳ ಪರೀಕ್ಷೆಯಲ್ಲಿ 2,16,000 ಕೂಡಿತ್ತು, ಗ್ರಾಚ್ಯುಟಿಯಿಂದ 44,000 ಸೇರಿಸಿ ದುಂಡಾಗಿ 2,60,000ದ ಕೊರತೆಯ ನಿಧಿ ಮಾಡಿದೆವು. 4 ಲಕ್ಷದ ಆಪತ್ತಿನ ಠೇವಣಿಯನ್ನು ಮುಟ್ಟಲಿಲ್ಲ. ಗೊತ್ತಿರುವ ಕೊರತೆ ಬೇರೆ, ಗೊತ್ತಿಲ್ಲದ ಆಪತ್ತು ಬೇರೆ. ಎರಡಕ್ಕೂ ಒಂದೇ ಹಣವನ್ನು ತೋರಿಸುವವರು ಮೊದಲ ಆಸ್ಪತ್ರೆ ಬಿಲ್ಲಿಗೇ ಸಿಕ್ಕಿಬೀಳುತ್ತಾರೆ.

ಕೊರತೆಯ ಹಣವನ್ನು ಬೇಕಾದಾಗ ತೆಗೆಯುವುದಿಲ್ಲ. ಪ್ರತಿ ತಿಂಗಳ ಒಂದಕ್ಕೆ 10,500 ತಾನಾಗಿಯೇ ಮನೆಯ ಖಾತೆಗೆ ಬರುವಂತೆ ಬ್ಯಾಂಕಿನಲ್ಲಿ ಬರೆದುಕೊಟ್ಟೆವು. ಕಾಲೇಜಿನ ಸಂಬಳದಲ್ಲಿ ತಿಂಗಳಿಗೆ 6,300 ಪಕ್ಕಕ್ಕೆ ಹೋಗುತ್ತದೆ. ಸಂಬಳವಿಲ್ಲದ ಏಪ್ರಿಲ್, ಮೇ ತಿಂಗಳಿಗೆ ಅದು. ಈ 6,300 ನಿಂತುಹೋದರೆ ಮೇ ತಿಂಗಳಲ್ಲಿ ಬಂಗಾರ ಅಡವಿಗೆ ಹೋಗುವುದು ಖಚಿತ.

ಲೆಕ್ಕ ಹಳಿ ತಪ್ಪಿದೆ ಎಂದು ತಿಳಿಯಲು ನಾವು ಮೂರು ಗುರುತು ಇಟ್ಟುಕೊಂಡೆವು: ಕ್ರೆಡಿಟ್ ಕಾರ್ಡಿನ ಬಾಕಿ ಪೂರ್ತಿ ಕಟ್ಟಲಾಗದೆ ಮುಂದಿನ ತಿಂಗಳಿಗೆ ಹೋಗುವುದು, ಭಿಶಿಯನ್ನು ಸರದಿಗೆ ಮುಂಚೆ ಎತ್ತುವ ಮಾತು ಬರುವುದು, ನಿಧಿಯಿಂದ ಒಂದೇ ವರ್ಷದಲ್ಲಿ ತೆಗೆದದ್ದು 1,60,000 ಮೀರುವುದು. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಮತ್ತೆ ಹಾಳೆ ಹಿಡಿದು ಕೂರಬೇಕು, ಔಷಧ ಕ್ಷೇತ್ರದಲ್ಲಿ ಅರೆಕಾಲಿಕ ಕೆಲಸ ಹುಡುಕುವ ಮಾತನ್ನೂ ಆಡಬೇಕು ಎಂದು ಮೊದಲೇ ಒಪ್ಪಿಕೊಂಡಿದ್ದೆವು. ಕೋಪ, ದಣಿವುಗಳ ನಡುವೆ ಆ ಮಿತಿಯನ್ನು ಗೊತ್ತುಮಾಡಲು ಆಗುವುದಿಲ್ಲ.

ಮೊದಲ ವರ್ಷ ಮುಗಿದಾಗ ನಿಧಿಯಿಂದ ಹೋದದ್ದು 1,26,000 ಅಲ್ಲ, 1,41,000. ಅತ್ತೆಯ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ವಿಮೆಯ ಕಾಯುವ ಅವಧಿ ಇನ್ನೂ ಮುಗಿದಿರಲಿಲ್ಲ. ಉಳಿದ 1,19,000 ಮುಂದಿನ ಎರಡು ವರ್ಷಕ್ಕೆ 14,000 ಕಡಿಮೆ ಬೀಳುತ್ತಿತ್ತು, ಗ್ರಾಚ್ಯುಟಿಯಲ್ಲಿ ಉಳಿದಿದ್ದ ಹಣದಿಂದ ತುಂಬಿದೆವು. ಜೂನ್ ಮೊದಲ ಭಾನುವಾರ ಹೊಸ ವರ್ಷದ ಹಾಳೆ ಬರೆಯಲು ಕುಳಿತಾಗ ಪತಿ ಪೆನ್ನು ತಾವೇ ತೆಗೆದುಕೊಂಡರು. ಆದಾಯದ ಸಾಲಿನಲ್ಲಿ ಟ್ಯೂಷನ್ ಎಂದು ಬರೆಯದೆ, ತಿಂಗಳು ಎಂಬ ಕಡೆ 12 ಎಂದು ಬರೆದು ಅದರ ಸುತ್ತ ಒಂದು ಸುತ್ತು ಹಾಕಿದರು.